ಬಾಗಿಲ ಫ್ಲೆಕ್ಸಿನ ಅರ್ಧ ಸಾಲು

ಫೆಬ್ರವರಿ ೯, ಭಾನುವಾರ

ಬೆಳಗ್ಗೆಯಿಂದ ಮೂರು ಪಾರ್ಟಿ. ಒಂದು ನಾಮಕರಣ, ಒಂದು ಗೃಹಪ್ರವೇಶ, ಇನ್ನೊಂದು ಎಮ್ಮೆಗೆ ಬಹುಮಾನ ಬಂದದ್ದಕ್ಕೆ ಫ್ಲೆಕ್ಸ್. ಎಮ್ಮೆಗೂ ಪ್ರಾಸ ಕಟ್ಟಿಕೊಟ್ಟೆ. ಹ್ಯಾಂಡ್‌ಪೋಸ್ಟಿನಲ್ಲಿ ನನ್ನ ಬೀಡ ಅಂಗಡಿ ಕೇಳಿದರೆ ಯಾರಿಗೂ ಗೊತ್ತಿಲ್ಲ, ‘ಪ್ರಾಸದ ಕುಳ್ಳಯ್ಯ’ ಅಂದರೆ ಬಸ್ಸೇ ನಿಲ್ಲಿಸುತ್ತಾರೆ. ಓದಿದ್ದು ಏಳನೇ ಕ್ಲಾಸು. ಬಿ.ಎ. ಮಾಡಿದವರು ನನ್ನ ಅಂಗಡಿ ಮುಂದೆ ಪೆನ್ನು ಹಿಡ್ಕೊಂಡು ನಿಲ್ಲುತ್ತಾರೆ. ಇದು ಜಂಬ ಅಲ್ಲ, ಇರೋ ವಿಷಯ.

ಮಧ್ಯಾಹ್ನ ಮಂಚಯ್ಯ ಬಂದ. ಅಂತರಸಂತೆಯಿಂದ ಬೈಕಲ್ಲಿ. ಮೀಸೆಗೆ ಬಣ್ಣ ಹಾಕಿದ್ದ. ಅಲ್ಲಿಗೆ ಅರ್ಥ ಆಯ್ತು.

‘ಕುಳ್ಳ, ಹೆಣ್ಣು ಗೊತ್ತಾಯ್ತು ಕಣ್ಲಾ. ಸರಗೂರಿನೋಳು. ಚಿಕ್ಕತಾಯಮ್ಮ ಅಂತ. ಟೈಲರಿಂಗ್ ಮಾಡ್ತಾಳೆ. ಮಾರ್ಚ್ ಎರಡು.’

‘ಐವತ್ತೊಂದಕ್ಕೆ ಮದ್ಲಿಂಗ! ಬಾಸಿಂಗ ಕಟ್ಟೋಕೆ ತಲೇಲಿ ಕೂದ್ಲೆಲ್ಲಿ ಅದೆ ಬಡ್ಡೈದ್ನೆ?’

‘ನಗಾಡ್ಬೇಡ. ಮಗಳು ರಮ್ಯಾನೇ ಹಟ ಹಿಡಿದು ಮಾಡಿಸ್ತಾವಳೆ. ಫ್ಲೆಕ್ಸಿಗೆ ನೀನೇ ಬರೀಬೇಕು. ನಮ್ಮಿಬ್ಬರ ಸ್ನೇಹಕ್ಕೆ ಹೇಳಿ ಮಾಡಿಸಿದಂಗಿರಬೇಕು.’

ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ನಾನು ಒಂಟಿ ಉಳಿದೆ, ಅವನು ಸಂಸಾರಿ ಆದ. ಅವನ ಹೆಂಡತಿ ಭದ್ರಮ್ಮ ತೀರಿಕೊಂಡು ಐದು ವರ್ಷ. ಅವಳ ಹೆಸರು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೀಡ ಹಾಕ್ಕೊಂಡು ಹೋದ.

ಫೆಬ್ರವರಿ ೧೧

ಎಮ್ಮೆಗೆ ಐದು ನಿಮಿಷ ಹಿಡೀತು. ಮಂಚನಿಗೆ ಎರಡು ದಿನ ಆದರೂ ಕೂರ್ತಿಲ್ಲ.

ಮೊದಲು ಇದು —
ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು,
ಮನಸು ಕೊಟ್ಟ ಮಂಚಯ್ಯನ ಮುಖ ಒಂದ್ಸಲ ನೋಡು!
ತಪ್ಪಿಲ್ಲ. ಆದರೆ ಈ ಗಾದೆ ಎಲ್ಲರ ಫ್ಲೆಕ್ಸಲ್ಲೂ ಸವೆದು ಚಪ್ಪಲಿ ಆಗಿದೆ. ಅದೂ ಅಲ್ಲದೆ ಎರಡನೇ ಮದುವೆಗೆ ‘ಮಾಡಿ ನೋಡು’ ಅಂದರೆ ಹೆಣ್ಣಿನ ಕಡೆಯವರು ದೊಣ್ಣೆ ತಗೋತಾರೆ.

ಆಮೇಲೆ —
ತಾಳಿದವನು ಬಾಳಿಯಾನು,
ತಾಳಿ ಕಟ್ಟಿ ನಮ್ಮ ಮಂಚ ನೂರು ವರ್ಷ ಆಳಿಯಾನು.
ಚೆನ್ನಾಗಿತ್ತು. ಬರೆದು ಹತ್ತು ಸಲ ಓದಿಕೊಂಡೆ. ಕಡೆಗೆ ಹೊಡೆದು ಹಾಕಿದೆ. ತಾಳಿ ಅಂದ ತಕ್ಷಣ ಓದುವವರು ಮೊದಲನೇ ತಾಳಿ ಎಲ್ಲಿ ಅಂತ ಹುಡುಕ್ತಾರೆ.

ಜನಕ್ಕೆ ಗೊತ್ತಿಲ್ಲ, ಎರಡು ಸಾಲಿಗೆ ಎಷ್ಟು ಕಟ್ಟುಪಾಡು ಅಂತ. ಗಾದೆ ಎಲ್ಲರಿಗೂ ಬರೋದೇ ಆಗಿರಬೇಕು. ಅರ್ಧ ಓದುವಷ್ಟರಲ್ಲಿ ಉಳಿದರ್ಧ ತಾನಾಗಿ ನಾಲಿಗೆಗೆ ಬರಬೇಕು. ಅಲ್ಲಿ ಹಿಡಿದು ತಿರುಗಿಸಬೇಕು, ಆಗಲೇ ನಗು. ಇಲ್ಲ, ಬೇಡ, ಸಾಕು — ಈ ಮಾತು ಮದುವೆ ಸಾಲಲ್ಲಿ ಬರಕೂಡದು. ಇಬ್ಬರ ಹೆಸರೂ ಕೂರಬೇಕು. ಬೈಕಲ್ಲಿ ಬರುವವನು ಹಂಪ್ ದಾಟೋದರೊಳಗೆ ಓದಿ ಮುಗಿಸಬೇಕು.

ಫೆಬ್ರವರಿ ೧೩, ಸಂಜೆ

ಸಿಕ್ತು!! ಅಡಿಕೆ ಕತ್ತರಿಸ್ತಾ ಇದ್ದೆ, ಬಂದು ಬಿತ್ತು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ,
ಮಂಚಯ್ಯ–ಚಿಕ್ಕತಾಯಿ ಬಾಳು ಚಂದ್ರ ಬೆಳಗೋ ತನಕ!

ಮಲಗೋ, ಬೆಳಗೋ. ತನಕ, ತನಕ. ಗಂಡ, ಹೆಂಡಿರ, ಉಂಡು, ಮಂಚಯ್ಯ, ಚಂದ್ರ — ಎಲ್ಲದಕ್ಕೂ ಸೊನ್ನೆ, ಗೆಜ್ಜೆ ಕಟ್ಟಿದಂಗೆ. ಜಗಳ ಅನ್ನೋ ಮಾತು ಮದುವೇಲಿ ಬರಬಾರದು ನಿಜ. ಆದರೆ ಕೆಳಗಿನ ಸಾಲು ಬಂದು ಅದನ್ನ ತೊಳೆದುಬಿಡುತ್ತೆ. ಅದೇ ಕೈಚಳಕ.

ಇನ್ನೊಂದು ಕುಚೇಷ್ಟೆ ಹೊಳೀತು. ಎರಡು ಸಾಲೂ ಒಂದೇ ಕಡೆ ಹಾಕಬಾರದು. ಮೊದಲನೆಯದು ಛತ್ರದ ಬಾಗಿಲ ಫ್ಲೆಕ್ಸಿಗೆ — ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ...’ ಅಂತ ಮೂರು ಚುಕ್ಕಿ. ಎರಡನೆಯದು ಒಳಗೆ ಸ್ಟೇಜಿಗೆ. ಬಾಗಿಲಲ್ಲಿ ಓದಿದ್ದನ್ನ ಬಾಯಲ್ಲಿ ಇಟ್ಟುಕೊಂಡು ಬರಬೇಕು. ಮುಂದೇನು, ಮುಂದೇನು ಅಂತ. ಒಳಗೆ ಬಂದರೆ ಉತ್ತರ! ಈ ತಾಲೂಕಲ್ಲಿ ಯಾರೂ ಮಾಡಿಲ್ಲ.

ಫೆಬ್ರವರಿ ೧೭, ಸೋಮವಾರ

ಪಕ್ಕದ ಫ್ಲೆಕ್ಸ್ ಅಂಗಡಿ ಶಕೀಲ್ ಡಿಸೈನ್ ಮಾಡಿದ. ಹತ್ತಡಿ ಆರಡಿ. ಎರಡು ಗುಲಾಬಿ, ಎರಡು ಪಾರಿವಾಳ, ಮಂಚನಿಗೆ ಫೋಟೋದಲ್ಲಿ ಕೂದಲೂ ಸೇರಿಸಿದ. ಹಂಗಾಮಿ ಕೂದಲು. ‘ಡಿ’ಯ ಗುಡಿಸು ಒಡೆದು ಪಕ್ಕಕ್ಕೆ ಹೋಗಿತ್ತು, ಸರಿ ಮಾಡಿಸಿದೆ.

‘ಹೆಂಗದೆ ಓದು ಶಕೀಲ’ ಅಂದೆ.

ಸ್ಕ್ರೀನ್ ನೋಡಿ ಓದಿದ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ...’ ನಿಲ್ಲಿಸಲಿಲ್ಲ. ಅದೇ ಉಸಿರಲ್ಲಿ — ‘ಉಣ್ದೋಳು ಕುಂತವ್ಳೆ ಎಡೆ ಇಕ್ಕೋ ತನ್ಕ.’

‘ಏನಂದೆ?’

‘ಚೆನ್ನಾಗದೆ ಅಂದೆ ಕುಳ್ಳಣ್ಣ.’

‘ಅದಲ್ಲ ಕಣೋ. ಎಡೆ ಅಂದೆ.’

‘ಎಡೆ ಅಂದ್ರೆ? ಎಡಗಡೆಗೆ ಸರಿಸ್ಲಾ?’

ಅವನ ಮುಖ ನೋಡಿದೆ. ತಮಾಷೆ ಇಲ್ಲ. ಅವರ ಮನೇಲಿ ಫಾತಿಹಾ ಓದ್ತಾರೆ, ಎಡೆ ಇಡಲ್ಲ. ಸತ್ತವರಿಗೆ ಎಲೆ ಹಾಕಿ ಬಡಿಸೋ ಮಾತು ಅವನಿಗೆ ಯಾಕೆ ಬರಬೇಕು.

ಬಿಸಿಲಿಗೆ ನನ್ನ ಕಿವಿ ಕೆಟ್ಟಿರಬೇಕು. ಮೂರು ವೀಳ್ಯದೆಲೆ ಹಾಳು ಮಾಡಿದೆ ಇವತ್ತು.

ಫೆಬ್ರವರಿ ೧೯

ಕಿವಿ ಕೆಟ್ಟಿಲ್ಲ.

ಪ್ರೂಫ್ ಮೊಬೈಲಲ್ಲಿ ಇತ್ತು. ಬೆಳಗ್ಗೆ ರಮ್ಯಾಗೂ ಕಳಿಸಿದೆ. ಹೊಗೆಸೊಪ್ಪು ತಗೊಳ್ಳೋಕೆ ಬಂದ ಕರಿಯಯ್ಯನಿಗೆ ತೋರಿಸಿದೆ. ಓದಿದ. ಅದೇ ಮಾತು. ಹುಣಸೂರು ಬಸ್ಸಿನ ಕಂಡಕ್ಟರಿಗೆ ತೋರಿಸಿದೆ. ಟಿಕೆಟ್ ಹರೀತಾ ಓದಿದ — ‘ಉಣ್ದೋಳು ಕುಂತವ್ಳೆ ಎಡೆ ಇಕ್ಕೋ ತನ್ಕ’ — ಚಿಲ್ಲರೆ ಕೊಟ್ಟು ಹೋದ. ಏನಂದಿರಿ ಅಂದರೆ ‘ಏನೂ ಅಂದಿಲ್ವಲ್ಲ ಯಜಮಾನ್ರೆ’.

ಹಾಲಿನ ಡೈರಿಯ ಹೆಂಗಸು ಓದಿದಾಗ ಗುರುತು ಸಿಕ್ತು. ಮಾತು ಮಾತ್ರ ಅಲ್ಲ, ರಾಗವೂ ಅದೇ. ಕಡೇ ‘ತನ್ಕ’ವನ್ನ ಕೆಳಕ್ಕೆ ಎಳೆದು, ಕುಕ್ಕೆ ಇಳಿಸಿದಂಗೆ ಇಡೋದು. ಹಂಗೆ ಇಡುತ್ತಿದ್ದವಳು ಒಬ್ಬಳೇ.

ಬರೀಬಾರದು ಅಂತಿದ್ದೆ. ಬರೀತೀನಿ. ಇದನ್ನ ಯಾರು ಓದ್ತಾರೆ?

ಭದ್ರಮ್ಮ ನನಗಿಂತ ಜಾಣೆ. ಈ ತಾಲೂಕಲ್ಲಿ ನನ್ನನ್ನ ಸೋಲಿಸಿದವರಿಲ್ಲ ಅಂತ ಅಂಗಡೀಲಿ ಹೇಳೋದು ಬೇರೆ. ಮಂಚನ ಮನೆ ಜಗಲಿ ಮೇಲೆ ಕೂತು ನಾನು ಅರ್ಧ ಗಾದೆ ಒಗೆದರೆ, ಒಳಗಿಂದ ಹೊಸ ಅರ್ಧ ಕಟ್ಟಿ ಎಸೆಯೋಳು. ಕೈಯಲ್ಲಿ ಮುದ್ದೆ ಕೋಲು ಇರುತ್ತಿತ್ತು. ಎಸೆದು, ‘ಕಟ್ಟಿದೆ ಕಣಣ್ಣ, ಬಿಚ್ಚಿ ನೋಡು’ ಅನ್ನೋಳು. ಬಿಚ್ಚೋಕೆ ಆಗುತ್ತಿರಲಿಲ್ಲ.

ಮೈಸೂರು ಆಸ್ಪತ್ರೇಲಿ ಕಡೇ ಸಲ ನೋಡಿದಾಗ ನಗಿಸೋಣ ಅಂತ ಹೇಳಿದ್ದೆ — ಗಂಡ ಹೆಂಡ್ರ ಜಗಳ ಉಂಡು ಮಲಗೋ ತನಕ, ಕಟ್ಟವ್ವ ನೋಡಾನ.

ಕಣ್ಣು ಮುಚ್ಚಿಕೊಂಡೇ ಅಂದಳು: ‘ಇರಣ್ಣ. ಇದಕ್ಕೆ ಆಮೇಕೆ ಯೋಳ್ತೀನಿ.’

ಫೆಬ್ರವರಿ ೨೩, ಭಾನುವಾರ

ಅಂತರಸಂತೆಗೆ ಹೋಗಿದ್ದೆ. ಮನೆಗೆ ಸುಣ್ಣ ಬಳಿದಿದ್ದಾರೆ. ನಡುಮನೆ ಗೋಡೇಲಿ ಭದ್ರಮ್ಮನ ಫೋಟೋ ಇದ್ದ ಕಡೆ ಮೊಳೆ ಮಾತ್ರ. ಫೋಟೋ ಎಲ್ಲಿ ಅಂದೆ. ಮಂಚ ಅಟ್ಟದ ಕಡೆ ಗದ್ದ ಎತ್ತಿದ. ದುಪ್ಪಟಿ ಸುತ್ತಿ ಇಟ್ಟಿದ್ದಾನಂತೆ, ಸುಣ್ಣ ಬಿದ್ದೀತು ಅಂತ. ಸುಣ್ಣ ಒಣಗಿ ವಾರ ಆಗಿದೆ.

‘ಮಂಚ, ಭದ್ರವ್ವಂಗೆ ಎಡೆ ಇಟ್ಯಾ?’

ಎರಡನೇ ಮದುವೆಗೆ ಮುಂಚೆ ಮೊದಲನೆಯವಳಿಗೆ ಸೀರೆ ಇಟ್ಟು, ಎಲೆ ಹಾಕಿ, ಹಿಂಗಿಂಗೆ ಆಗ್ತಾ ಇದೆ ತಾಯಿ ಅಂತ ಹೇಳಬೇಕು. ನಮ್ಮ ಕಡೆ ಇದನ್ನ ಬಿಟ್ಟವರಿಲ್ಲ.

‘ಮಾಡಾನ ಬುಡು. ಬರೋಳ ಮನ್ಸಿಗೆ ಒಂಥರಾ ಆಗ್ಬಾರ್ದಲ್ವಾ. ಸತ್ತೋಳ ಎಲೆ ಇಕ್ಕಿದ್ ಮನೇಗೆ ಹಾಲುಕ್ಕಿಸೋಕೆ ಬಾ ಅನ್ನೋಕಾಯ್ತದಾ?’

‘ಅಮಾಸೆ ಗುರುವಾರ ಅದೆ. ಅವತ್ತು ಇಡು.’

‘ನೋಡಾನ ಕಣ್ಲಾ.’

ಅವನಿಗೆ ಪುರುಸೊತ್ತಿಲ್ಲದೆ ಅಲ್ಲ. ಹೇಳೋಕೆ ಮುಖ ಇಲ್ಲ. ಐದು ವರ್ಷ ಆ ಫೋಟೋ ಮುಂದೆ ಕೂತು ಉಂಡವನು.

ರಮ್ಯಾ ಹೊರಗೆ ಬಂದಳು. ಹುಣಸೂರಿಂದ ಮದುವೆ ಕೆಲಸಕ್ಕೆ ಅಂತ ತವರಿಗೆ ಬಂದಿದ್ದಾಳೆ. ‘ಮಾವ, ಅಮ್ಮಂಗೆ ಯಾರೂ ಯೋಳಿಲ್ಲ. ಊರಿಗೆಲ್ಲ ಕಾರ್ಡ್ ಕೊಟ್ಟು ಬಂದ್ವಿ.’ ಆಮೇಲೆ, ‘ಚಿಕ್ಕಮ್ಮನ್ನ ನೋಡೋಕೆ ಸರಗೂರಿಗೆ ಓಗಿದ್ದೆ. ಉಣ್ತಾ ಇಲ್ಲ ಅವ್ರು’ ಅಂದಳು.

ತಟ್ಟೆ ಮುಂದೆ ಕೂತರೆ ಎದುರಿಗೆ ಯಾರೋ ಕೂತು ತನ್ನ ತಟ್ಟೆಗೆ ಕಾಯ್ತಾ ಇದ್ದಂಗೆ ಆಗುತ್ತಂತೆ. ಅವರು ಉಣ್ಣದೆ ನಾನು ಹೆಂಗೆ ಉಣ್ಣಲಿ ಅಂತಾಳಂತೆ. ನಾಲ್ಕು ದಿನದಿಂದ ಬರೀ ಕಾಫಿ.

‘ಯಾವತ್ತಿಂದ?’

‘ನೀವು ವಾಟ್ಸಾಪಲ್ಲಿ ಫ್ಲೆಕ್ಸ್ ಕಳ್ಸಿದ್ರಲ್ಲ ಮಾವ, ಅದನ್ನ ಅವ್ರಿಗೂ ಕಳ್ಸಿದ್ದೆ. ಅವತ್ತಿಂದ.’

ಫೆಬ್ರವರಿ ೨೫

ತಪ್ಪು ಸಿಕ್ತು. ಮೂರು ಚುಕ್ಕಿ. ಬಾಗಿಲಲ್ಲಿ ಅರ್ಧ ಗಾದೆ ಹಾಕಿ, ಬನ್ನಿ ತುಂಬಿಸಿ ಅಂತ ಕರೆದಿದ್ದೀನಿ. ಐದು ವರ್ಷದಿಂದ ಉತ್ತರ ಇಟ್ಕೊಂಡು ಕೂತಿದ್ದವಳು ಬಂದು ತುಂಬಿಸ್ತಾ ಇದ್ದಾಳೆ.

ಶಕೀಲನಿಗೆ ಹೇಳಿದೆ: ಎರಡೂ ಸಾಲು ಬಾಗಿಲಲ್ಲೇ ಹಾಕು. ಚುಕ್ಕಿ ತೆಗಿ. ಒಂಚೂರು ಸಂದಿ ಬೇಡ.

‘ಪ್ರಿಂಟ್ ಆಗೋಗದೆ ಅಣ್ಣ.’

‘ಇನ್ನೊಂದು ಹೊಡಿ.’

ಹೊಡೆದ. ಒದ್ದೆ ಮಸಿ ವಾಸನೆ ಇನ್ನೂ ಹೋಗಿರಲಿಲ್ಲ. ಕೆಂಪು ಅಕ್ಷರ, ಹಳದಿ ಅಂಚು. ಎರಡೂ ಸಾಲು ಮೇಲೆ ಕೆಳಗೆ ಒತ್ತಿಕೊಂಡು ಕೂತಿವೆ. ಓದು ಅಂದೆ. ಮೊದಲನೇ ಸಾಲು ಓದಿದ. ಬೆರಳು ಎರಡನೇ ಸಾಲಿನ ಕೆಳಗೆ ಹೋಯ್ತು. ಮಂಚಯ್ಯ ಅನ್ನೋ ಅಕ್ಷರದ ಮೇಲೆ ಬೆರಳು. ಬಾಯಲ್ಲಿ — ಉಣ್ದೋಳು. ಚಿಕ್ಕತಾಯಿ ಅನ್ನೋ ಕಡೆ ಬೆರಳು. ಬಾಯಲ್ಲಿ — ಕುಂತವ್ಳೆ.

ಚಂದ್ರ ಬೆಳಗೋ ಕಡೆ ಬೆರಳು ಬಂದಾಗ ನಾನು ಅಂಗಡಿಯಿಂದ ಆಚೆ ಬಂದುಬಿಟ್ಟೆ.

ಫೆಬ್ರವರಿ ೨೭, ಅಮಾವಾಸ್ಯೆ

ಮಂಚನಿಗೆ ಫೋನ್. ಬಳೆ ಅಂಗಡೀಲಿ ಇದ್ದ. ಎಡೆ ಇಟ್ಯಾ? ‘ಶನಿವಾರ ನೋಡಾನ.’ ಇಟ್ಟುಬಿಟ್ಟ ಫೋನು.

ನಾನೇ ಇಡೋಣ ಅಂದರೆ ನನಗೆ ಹಕ್ಕಿಲ್ಲ. ಗಂಡನ ಕೈ ಆಗಬೇಕು, ಅವಳ ಮನೆ ಆಗಬೇಕು.

ಬೇರೆ ಗಾದೆ ಹುಡುಕಿದೆ. ಒಂದೂ ಬರ್ತಿಲ್ಲ. ಮೂವತ್ತು ವರ್ಷದಲ್ಲಿ ಮೊದಲನೇ ಸಲ. ಎಲ್ಲ ಗಾದೆಯೂ ಅರ್ಧಕ್ಕೆ ನಿಂತುಕೊಂಡು ನನ್ನ ಮುಖ ನೋಡ್ತವೆ.

ಮಾರ್ಚ್ ೩, ಸೋಮವಾರ

ನಿನ್ನೆ ಮದುವೆ ಆಯ್ತು. ನಿಧಾನಕ್ಕೆ ಬರೀಬೇಕು.

ಸರಗೂರಿನ ಛತ್ರ. ಹಳೇ ಫ್ಲೆಕ್ಸನ್ನೇ ಕಟ್ಟಿದ್ದರು, ಚುಕ್ಕಿ ಇರೋದು. ಹೊಸದನ್ನ ಶಕೀಲನ ಹುಡುಗರು ಮರೆತು ಬಂದಿದ್ದರು. ಜನ ಬಂದರು, ತಲೆ ಎತ್ತಿದರು, ಓದಿದರು. ತುಟಿ ಅಲ್ಲಾಡ್ತಾ ಒಳಗೆ ಬಂದರು. ಒಬ್ಬರಿಗೂ ತಾವು ಏನಂದೆವು ಗೊತ್ತಿಲ್ಲ. ಛತ್ರದ ತುಂಬ ಜೇನುಗೂಡಿನ ಥರ ಗುಂಯ್. ಓಲಗದವನು ಊದೋದು ನಿಲ್ಲಿಸಿದಾಗಲೂ ಆ ಗುಂಯ್ ಇತ್ತು. ಮಂಚ ನನ್ನ ಕಿವಿಗೆ ಬಾಗಿ ಕೇಳಿದ, ‘ಏನ್ಲಾ ಅದು ಸದ್ದು?’

‘ನಿನ್ನ ಹೆಂಡ್ತಿ’ ಅಂದೆ.

ನಗಲಿಲ್ಲ ಅವನು.

ತಾಳಿ ಬಿತ್ತು. ಬೂಮದ ಊಟಕ್ಕೆ ಗಂಡು ಹೆಣ್ಣನ್ನ ಒಂದೇ ಎಲೆಗೆ ಕೂರಿಸಿದರು. ಚಿಕ್ಕತಾಯಮ್ಮ ಒಂದಗುಳು ಮುಟ್ಟಲಿಲ್ಲ. ಎದುರುಗಡೆ ಖಾಲಿ ನೆಲ ನೋಡ್ತಾ ಕೂತಿದ್ದಳು. ಹೆದರಿದ ಮುಖ ಅಲ್ಲ. ಮನೆಗೆ ಬಂದ ನೆಂಟರಿಗೆ ಇನ್ನೂ ಬಡಿಸಿಲ್ಲವಲ್ಲ ಅನ್ನೋ ಮುಖ.

ಇಳಿಹೊತ್ತಿಗೆ ಅಂತರಸಂತೆ. ಹೊಸಲ ಮೇಲೆ ಅಕ್ಕಿ ತುಂಬಿದ ಸೇರು. ರಮ್ಯಾ ಬಾಗಿಲಿಗೆ ಅಡ್ಡ ನಿಂತಳು. ನಮ್ಮಲ್ಲಿ ಗಂಡನ ಹೆಸರನ್ನ ಪ್ರಾಸ ಕಟ್ಟಿ ಹೇಳದೆ ಮದ್ಲಗಿತ್ತಿ ಒಳಗೆ ಬರೋ ಹಾಗಿಲ್ಲ. ಹೆಂಗಸರೆಲ್ಲ ಕೂಗಿದರು: ‘ಯೋಳವ್ವ, ಯೋಳು! ಪ್ರಾಸದ ಕುಳ್ಳಯ್ಯನೂ ಅವ್ನೆ, ನೋಡ್ಕೊಂಡು ಯೋಳು!’

ಅವಳಿಗೆ ಒಂದು ಕಟ್ಟಿಕೊಟ್ಟಿದ್ದೆ ಮೊದಲೇ. ಹಾಲು, ಜೇನು, ಮಂಚಯ್ಯ ಅಂತೆಲ್ಲ. ಅದನ್ನ ಹೇಳಲಿಲ್ಲ.

‘ಗಂಡ ಹೆಂಡ್ರ ಜಗಳ ಉಂಡು ಮಲಗೋ ತನ್ಕ...’ ಅಂದಳು.

ನಿಂತಳು. ಗಲಾಟೆ ಸಟ್ಟನೆ ನಿಂತಿತು. ಅಲ್ಲಿದ್ದವರೆಲ್ಲರ ತುಟಿ ಒಟ್ಟಿಗೆ ಅಲ್ಲಾಡೋಕೆ ಶುರುವಾಯ್ತು. ನನ್ನವೂ. ನನ್ನ ಬಾಯಿ ನಾನು ಕೈಯಿಂದ ಮುಚ್ಚಿಕೊಂಡೆ. ಆ ಮಾತು ಅಷ್ಟು ಜನರ ಬಾಯಲ್ಲಿ ಒಟ್ಟಿಗೆ ಬಂದರೆ ಈ ಹೆಂಗಸು ಈ ಮನೇಲಿ ಬಾಳೋದಿಲ್ಲ ಅನ್ನಿಸ್ತು. ಹೆಂಗೆ ಗೊತ್ತಾಯ್ತೋ, ಗೊತ್ತಾಯ್ತು.

ಚಿಕ್ಕತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎಲ್ಲರಿಗಿಂತ ಜೋರಾಗಿ —

‘ಹೊಸ್ಲಾಚೆ ನಿಂತಿರ್ತೀನಿ ಮಂಚಯ್ನೋರು ಅಕ್ಕಂಗೆ ಎಡೆ ಇಕ್ಕೋ ತನ್ಕ!’

ಗಂಡನ ಹೆಸರು ಬಂತು. ಪ್ರಾಸ ಬಂತು. ಯಾರೂ ಅಲ್ಲ ಅನ್ನೋ ಹಾಗಿಲ್ಲ. ಇಂಥದ್ದು ನನ್ನ ಜನ್ಮದಲ್ಲಿ ಕಟ್ಟಿಲ್ಲ ನಾನು.

ಮಂಚ ಬಾಸಿಂಗ ಸಮೇತ ಹೊಸಲ ಮೇಲೆ ಕೂತುಬಿಟ್ಟ. ಅತ್ತ. ‘ಎಂಗೆ ಯೋಳ್ಲಿ ಅವ್ಳಿಗೆ, ಬಾಯೇ ಬರ್ಲಿಲ್ಲ’ ಅಂದ.

‘ನಾನೂ ಇದ್ದೀನಿ, ಯೋಳಿ’ ಅಂದಳು ಹೊಸಬಳು. ‘ಇಬ್ರೂ ಯೋಳಾನ.’

ರಮ್ಯಾ ಅಟ್ಟದಿಂದ ಫೋಟೋ ಇಳಿಸಿದಳು. ಮಂಚ ಬಾಳೆಲೆ ಹಾಕಿದ, ತಾನೇ ಬಡಿಸಿದ. ಅನ್ನ, ಮುದ್ದೆ, ಅವರೆಕಾಳು ಸಾರು, ಒಂದು ಕಡ್ಡಿ ಹೊಗೆಸೊಪ್ಪು — ಅವಳಿಗೆ ಇಷ್ಟ. ಹೊಸ ಸೀರೆ. ಏನು ಹೇಳಿಕೊಂಡನೋ, ನಮಗೆ ಕೇಳಲಿಲ್ಲ. ಹೊಸಲಾಚೆಯಿಂದ ಚಿಕ್ಕತಾಯಮ್ಮನೂ ಕೈ ಮುಗಿದಳು. ಪದ್ಧತಿ ಪ್ರಕಾರ ಎಲ್ಲರೂ ಆಚೆ ಬಂದು ಬಾಗಿಲು ಎಳೆದುಕೊಂಡೆವು. ಒಳಗೆ ಯಾರೂ ಇರಲಿಲ್ಲ. ಹಿಂದಿನ ಬಾಗಿಲಿಗೆ ಚಿಲಕ ಇತ್ತು, ನಾನೇ ಹಾಕಿದ್ದು.

ಬಾಗಿಲು ತೆಗೆದರೆ ಬಡಿಸಿದ್ದು ಬಡಿಸಿದ ಹಾಗೇ ಇರಬೇಕು. ಯಾವ ಮನೇಲಾದರೂ ಹಂಗೇ ಇರೋದು.

ಎಲೆ ಮಡಚಿತ್ತು. ಉಂಡು ತೃಪ್ತಿ ಆದವರು ಮಡಚುವ ಹಾಗೆ, ಒಳಮುಖವಾಗಿ.

ಚಿಕ್ಕತಾಯಮ್ಮ ಸೇರು ಒದ್ದು ಒಳಗೆ ಬಂದಳು, ಕೈ ತೊಳೆದು ಕೂತಳು. ಎರಡು ಮುದ್ದೆ ಉಂಡಳು. ನೋಡೋಕೆ ಚಂದ.

ಮಾರ್ಚ್ ೮

ಎಲ್ಲರೂ ಚೆನ್ನಾಗಿದ್ದಾರೆ. ಮಂಚ ನಿನ್ನೆ ಫೋನಲ್ಲಿ ಹಾಡ್ತಾನೆ ಮುದಿ ಗೂಬೆ. ಫೋಟೋ ಮೊಳೆಗೆ ವಾಪಸ್ ಬಂದಿದೆಯಂತೆ. ಸ್ಟೇಜಿನ ಫ್ಲೆಕ್ಸನ್ನ, ಚಂದ್ರ ಬೆಳಗೋದನ್ನ, ಅವನ ಕೊಟ್ಟಿಗೆಗೆ ಹೊದಿಸಿದ್ದಾನೆ. ಬಾಗಿಲ ಫ್ಲೆಕ್ಸನ್ನ ಶಕೀಲ್ ನನ್ನ ಅಂಗಡಿ ಮುಂದೆ ಹಾಕಿ ಹೋಗಿದ್ದ. ಅಡುಗೆಮನೆ ಸೂರು ಸೋರುತ್ತೆ ನಂದು. ಒಳ್ಳೇ ಗಟ್ಟಿ ಫ್ಲೆಕ್ಸು, ಬಿಸಾಕೋಕೆ ಮನಸು ಬರಲಿಲ್ಲ. ಅಕ್ಷರ ಒಳಗಡೆಗೆ ಬರೋ ಹಾಗೆ ಹೊದಿಸಿದೆ.

ಅಂಗಡೀಲಿ ಹೇಳಿಕೊಂಡೆ, ಆ ಪ್ರಾಸ ಮದ್ಲಗಿತ್ತಿಗೆ ಕಟ್ಟಿಕೊಟ್ಟವನು ನಾನೇ ಅಂತ. ಯಾರೂ ನಂಬಲಿಲ್ಲ.

ಮಾರ್ಚ್ ೧೬, ಭಾನುವಾರ

ಒಂದು ವಾರದಿಂದ ಬರೆದಿಲ್ಲ. ಹೊಸ ಆರ್ಡರೂ ತಗೊಂಡಿಲ್ಲ.

ಅಡುಗೆಮನೇಲಿ ಬೆಳಗ್ಗೆ ಒಲೆ ಬೂದಿ ಗುಡಿಸಿರುತ್ತೆ. ನಾನು ಗುಡಿಸಲ್ಲ. ಸೋಮಾರಿ ಅಂತ ಊರಿಗೇ ಗೊತ್ತು. ಮುದ್ದೆ ಕೋಲು ಮೂಲೇಲಿ ಇಟ್ಟರೆ ಗೂಟಕ್ಕೆ ಹೋಗಿ ಕೂತಿರುತ್ತೆ.

ಮಂಚನಿಗೆ ಹೇಳಲ್ಲ. ಅವನ ಪಾಲು ಅವನು ತೀರಿಸಿದ. ಎಡೆ ಇಕ್ಕೋ ತನಕ ಅಂದಿದ್ದಳು, ಇಕ್ಕಿದ್ದಾಯ್ತು. ಅವರ ಕಡೆಯಿಂದ ಮುಗೀತು. ಆದರೆ ಕರೆದವನು ನಾನು. ನನ್ನ ಸಾಲಲ್ಲಿ ಎರಡು ಮಾತಿವೆ. ಉಂಡು, ಅಂತ ಒಂದು. ಇನ್ನೊಂದು...

ಮಾರ್ಚ್ ೧೭, ಸಂಜೆ ದೀಪ ಹಚ್ಚಿ

ಒಲೆ ಪಕ್ಕ ಚಾಪೆ ಹಾಸಿಟ್ಟಿದೆ. ನಾನು ಹಾಸಿಲ್ಲ.

ಅಂಗಳದಲ್ಲಿ ಕೂತು ಬರೀತಿದ್ದೀನಿ. ಬಾಗಿಲಿಂದ ಸೂರಿನ ಫ್ಲೆಕ್ಸ್ ಕಾಣುತ್ತೆ. ಮೂರು ಚುಕ್ಕಿ ಸರಿಯಾಗಿ ಚಾಪೆ ಮೇಲೆ.

ಮಲಗೋಕೆ ಒಂದು ಸಾಲು ಬೇಕು ಅವಳಿಗೆ. ಅಷ್ಟೇ. ನನಗೆ ಬರುತ್ತೆ, ನಾನು ಕುಳ್ಳಯ್ಯ.

ಉಂಡಾಯ್ತು ತಂಗಿ, ಮಲಗಿನ್ನು ಬೆಳಗಾಗೋ ತನಕ. — ಆಗಲ್ಲ. ಬೆಳಗಾದರೆ ಏಳ್ತಾಳೆ.

ಮಲಗಿನ್ನು ಕೋಳಿ... ಅದೂ ಅದೇ ಆಯ್ತು. ತನಕ ಅಂದರೆ ಅಲ್ಲಿಗೆ ಮುಗೀತು ಅಂತ. ಎಲ್ಲದಕ್ಕೂ ಗಡುವು ಇಟ್ಟಿದ್ದೀನಿ ನಾನು. ಚಂದ್ರನಿಗೂ. ತನಕ ಇಲ್ಲದ ಪ್ರಾಸ ಬೇಕು. ಈ ಸಲ ಅರ್ಧಕ್ಕೆ ಬಿಡೋ ಹಾಗಿಲ್ಲ, ಬಿಟ್ಟರೆ ಉಳಿದರ್ಧ ಮತ್ತೆ ಅವಳೇ ತುಂಬಿಸ್ತಾಳೆ.

ಚಾಪೆ ಸದ್ದು. ಯಾರೋ ಕೂತಂಗೆ. ಬಳೆ.

‘ಇರವ್ವ, ಕಟ್ತಾ ಇದ್ದೀನಿ’ ಅಂದೆ.

ಒಳಗಿಂದ, ಮೆತ್ತಗೆ — ‘ಕಟ್ಟಣ್ಣ. ಕಾಯ್ತೀನಿ.’

ಬಂತು. ಬಂತು ಅನ್ಸುತ್ತೆ —

ಉಂಡಾಯ್ತು ತಂಗಿ, ಕಂಡಾಯ್ತು ಮನೆ ಮಂದಿ,
ಮಲಗಿನ್ನು